ಚೀಟಿ ಎತ್ತಿದ್ದು ಯಾರು, ಮೊದಲೇ ನೋಡಿದ್ದು ಯಾರು? ಆಲಿವ್ ಎಣ್ಣೆಯ ಪ್ರಯೋಗ ಎಡವಿದ ಕಥೆ

"ಆಲಿವ್ ಎಣ್ಣೆ ತಿಂದರೆ ಹೃದಯಾಘಾತದ ಅಪಾಯ ಶೇ.30ರಷ್ಟು ಕಡಿಮೆ." ಈ ಮಾತು ಕೇಳದವರು ಕಡಿಮೆ. ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಬಾಟಲಿಯ ಜಾಹೀರಾತಿನಲ್ಲಿ ಬರುತ್ತದೆ. ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಬಾದಾಮಿ, ಅಕ್ರೋಟ್ ಜೊತೆ ಒಂದೆರಡು ಬಾಟಲಿ ಆಲಿವ್ ಎಣ್ಣೆಯೂ ಇರುತ್ತದೆ. ಬಿಪಿ, ಶುಗರ್ ಇರುವ ಉಪ್ಪ-ಉಮ್ಮನಿಗೆ ಒಳ್ಳೆಯದಾಗಲಿ ಅಂತ ಮಕ್ಕಳು ಕಾಸು ಖರ್ಚು ಮಾಡಿ ತರುವುದು.

ಈ ಶೇ.30 ಎಂಬ ಲೆಕ್ಕ ಗಾಳಿಯಲ್ಲಿ ಬಂದದ್ದಲ್ಲ. ಸ್ಪೇನ್ ದೇಶದಲ್ಲಿ ನಡೆದ 'ಪ್ರೆಡಿಮೆಡ್' ಎಂಬ ದೊಡ್ಡ ಪ್ರಯೋಗದಿಂದ ಬಂದದ್ದು. 2013ರಲ್ಲಿ ವೈದ್ಯಕೀಯ ಜಗತ್ತಿನ ಅತ್ಯಂತ ಪ್ರತಿಷ್ಠಿತ ಪತ್ರಿಕೆಗಳಲ್ಲೊಂದಾದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅದನ್ನು ಪ್ರಕಟಿಸಿತು. ಐದು ವರ್ಷಗಳ ನಂತರ, 2018ರ ಜೂನ್‌ನಲ್ಲಿ, ಅದೇ ಪತ್ರಿಕೆ ಆ ಪ್ರಬಂಧವನ್ನು ಹಿಂಪಡೆಯಿತು. ಅದೇ ದಿನ ತಿದ್ದಿದ ರೂಪದಲ್ಲಿ ಮತ್ತೆ ಪ್ರಕಟಿಸಿತು. ಮೊದಲ ಸುದ್ದಿ ಪ್ರತಿಯೊಂದು ಅಡುಗೆಮನೆಗೂ ತಲುಪಿತು. ಎರಡನೆಯದು ಅಷ್ಟಾಗಿ ತಲುಪಲಿಲ್ಲ.

ಆಲಿವ್ ಎಣ್ಣೆಯಲ್ಲಿ ದೋಷವಿತ್ತೆಂದು ಪ್ರಬಂಧ ಹಿಂದಕ್ಕೆ ಹೋದದ್ದಲ್ಲ. ಯಾರಿಗೆ ಎಣ್ಣೆ, ಯಾರಿಗೆ ಬರೀ ಸಲಹೆ ಎಂದು ಹಂಚಿದ ರೀತಿಯಲ್ಲಿ ದೋಷವಿತ್ತು. ಒಂದು ಪ್ರಯೋಗವನ್ನು ನಂಬಬಹುದೇ ಎಂದು ನೋಡುವವರು ಫಲಿತಾಂಶಕ್ಕಿಂತ ಮೊದಲು ಹಂಚಿಕೆಯನ್ನು ಯಾಕೆ ನೋಡುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಚೀಟಿ ಎತ್ತುವುದು ಯಾಕೆ?

ಒಂದು ಔಷಧವೋ ಆಹಾರವೋ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅದನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಬೇಕು. ಹೋಲಿಕೆ ಸರಿಯಾಗಬೇಕಾದರೆ ಎರಡೂ ಗುಂಪು ಮೊದಲಿನಿಂದಲೇ ಒಂದೇ ತರ ಇರಬೇಕು. ಒಂದು ಗುಂಪಿನಲ್ಲಿ ಗಟ್ಟಿಮುಟ್ಟಾದವರು, ಇನ್ನೊಂದರಲ್ಲಿ ಕಾಯಿಲೆಯವರು ತುಂಬಿದರೆ ಕೊನೆಗೆ ಕಾಣುವ ವ್ಯತ್ಯಾಸ ಎಣ್ಣೆಯದ್ದೋ ಆರೋಗ್ಯದ್ದೋ ಎಂದು ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ಚೀಟಿ ಎತ್ತುವುದು. ಯಾರು ಯಾವ ಗುಂಪಿಗೆ ಎನ್ನುವುದನ್ನು ಮನುಷ್ಯರ ಇಷ್ಟಕ್ಕೆ ಬಿಡದೆ ಅದೃಷ್ಟಕ್ಕೆ ಬಿಡುವುದು. ಇದೇ ರ‍್ಯಾಂಡಮೈಸೇಶನ್. ಇಂದು ಈ ಚೀಟಿಯನ್ನು ಕಂಪ್ಯೂಟರ್ ಎತ್ತುತ್ತದೆ, ಅಷ್ಟೆ.

ಆದರೆ ಚೀಟಿ ಎತ್ತಿದರೆ ಮಾತ್ರ ಸಾಲದು. ಊರಿನ ಚೀಟಿ ಫಂಡನ್ನೇ ನೋಡಿ. ತಿಂಗಳ ಚೀಟಿಯನ್ನು ಎಲ್ಲರ ಮುಂದೆ, ಮಡಚಿದ ಕಾಗದದಿಂದ ಎತ್ತಬೇಕು ಎನ್ನುವುದು ಯಾಕೆ? ಮುಂದಿನ ಹೆಸರು ಯಾರದ್ದು ಎಂದು ಫಂಡ್ ನಡೆಸುವವನಿಗೆ ಮೊದಲೇ ಗೊತ್ತಿದ್ದರೆ ಯಾರನ್ನು ಈ ತಿಂಗಳು ಸೇರಿಸಿಕೊಳ್ಳಬೇಕು, ಯಾರಿಗೆ "ಮುಂದಿನ ತಿಂಗಳು ಬನ್ನಿ" ಎನ್ನಬೇಕು ಎಂದು ಅವನು ಆಟ ಆಡಬಹುದು. ಪ್ರಯೋಗದಲ್ಲೂ ಅಷ್ಟೇ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆ ಎಂದು ಅವನನ್ನು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ತಿಳಿಯಬಾರದು. ಈ ಮುಚ್ಚಿಡುವಿಕೆಗೆ ಅಲೊಕೇಶನ್ ಕನ್ಸೀಲ್‌ಮೆಂಟ್ ಎನ್ನುತ್ತಾರೆ. ಸರಳವಾಗಿ ಹೇಳಿದರೆ 'ಹಂಚಿಕೆಯ ಗುಟ್ಟು'.

1948ರಲ್ಲಿ ಬ್ರಿಟನ್‌ನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಪ್ರಯೋಗ ಪ್ರಕಟವಾಯಿತು. ಆಧುನಿಕ ಪ್ರಯೋಗಗಳ ಮಾದರಿ ಎಂದು ಇಂದಿಗೂ ಅದನ್ನು ತೋರಿಸುತ್ತಾರೆ. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಅದರ ಹಂಚಿಕೆಯನ್ನು ರೂಪಿಸಿದ್ದರು. ಅಂಟಿಸಿದ ಲಕೋಟೆಗಳ ಹೊರಗೆ ಆಸ್ಪತ್ರೆಯ ಹೆಸರು ಮತ್ತು ಒಂದು ನಂಬರ್ ಮಾತ್ರ. ಒಬ್ಬ ರೋಗಿಯನ್ನು ಸೇರಿಸಿಕೊಳ್ಳುವುದು ಪಕ್ಕಾ ಆದ ಮೇಲೆಯೇ ಅವನ ಲಕೋಟೆ ಒಡೆಯುವುದು. 107 ರೋಗಿಗಳು ಹೀಗೆ 55 ಮತ್ತು 52ರ ಎರಡು ಗುಂಪಾದರು. ಆರು ತಿಂಗಳಲ್ಲಿ ಔಷಧ ಸಿಕ್ಕ ಗುಂಪಿನಲ್ಲಿ ನಾಲ್ವರು ತೀರಿಕೊಂಡರು, ಸಿಗದ ಗುಂಪಿನಲ್ಲಿ 14 ಮಂದಿ. ಎಕ್ಸ್-ರೇ ನೋಡಿದ ವೈದ್ಯರಿಗೆ ಅದು ಯಾವ ಗುಂಪಿನ ರೋಗಿಯದ್ದು ಎಂದು ತಿಳಿದಿರಲಿಲ್ಲ.

ಗುಟ್ಟು ರಟ್ಟಾದರೆ ಎಷ್ಟು ಹಾನಿ? ಕೆನೆತ್ ಶುಲ್ಜ್ ಮತ್ತು ಸಂಗಡಿಗರು 1995ರಲ್ಲಿ ಗರ್ಭ ಮತ್ತು ಹೆರಿಗೆಗೆ ಸಂಬಂಧಿಸಿದ 250 ಪ್ರಯೋಗಗಳನ್ನು ಹೋಲಿಸಿ ನೋಡಿದರು. ಹಂಚಿಕೆಯ ಗುಟ್ಟನ್ನು ಸರಿಯಾಗಿ ಕಾಪಾಡದ ಪ್ರಯೋಗಗಳು ಚಿಕಿತ್ಸೆಯ ಪರಿಣಾಮವನ್ನು ಸರಾಸರಿ ಶೇ.41ರಷ್ಟು ಉಬ್ಬಿಸಿ ತೋರಿಸಿದ್ದವು. ಲಕೋಟೆಯನ್ನು ದೀಪಕ್ಕೆ ಹಿಡಿದು ಒಳಗಿನದ್ದು ಓದುತ್ತಿದ್ದವರ ಕಥೆಗಳನ್ನೂ ಶುಲ್ಜ್ ಅದೇ ವರ್ಷ ಬರೆದರು. ಹಾಗೆ ಮಾಡಿದವರು ದುಷ್ಟರೆಂದಲ್ಲ. "ಈ ಬಡಪಾಯಿಗೆ ಹೊಸ ಔಷಧವೇ ಸಿಗಲಿ" ಎಂಬ ಕರುಣೆಯೂ ಹೋಲಿಕೆಯನ್ನು ಕೆಡಿಸಬಲ್ಲದು.

ಸ್ಪೇನ್‌ನಲ್ಲಿ ಆದದ್ದೇನು?

ಪ್ರೆಡಿಮೆಡ್‌ಗೆ 2003ರಿಂದ ಜನರನ್ನು ಸೇರಿಸಲು ಶುರು ಮಾಡಿದರು. 55ರಿಂದ 80 ವರ್ಷದ ಗಂಡಸರು, 60ರಿಂದ 80 ವರ್ಷದ ಹೆಂಗಸರು. ಹೃದಯ ಕಾಯಿಲೆ ಇನ್ನೂ ಬಂದಿರದ, ಆದರೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಇತ್ಯಾದಿಯಿಂದ ಬರುವ ಅಪಾಯ ಹೆಚ್ಚಿರುವವರು. ಒಟ್ಟು 7,447 ಜನ, 11 ಕೇಂದ್ರಗಳು, ಮೂರು ಗುಂಪು. ಮೊದಲ ಗುಂಪಿಗೆ ಮೆಡಿಟರೇನಿಯನ್ ಶೈಲಿಯ ಊಟದ ಸಲಹೆ, ಜೊತೆಗೆ ಮನೆಗೆ ವಾರಕ್ಕೆ ಸುಮಾರು ಒಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಪುಕ್ಕಟೆ. ಎರಡನೆಯದಕ್ಕೆ ಅದೇ ಸಲಹೆ, ಜೊತೆಗೆ ದಿನಕ್ಕೆ 30 ಗ್ರಾಂ ಅಕ್ರೋಟ್, ಬಾದಾಮಿ ಮತ್ತು ಹೇಝಲ್‌ನಟ್. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ, ಮತ್ತು ಚಿಕ್ಕಪುಟ್ಟ ಉಡುಗೊರೆ.

ಮಧ್ಯಾಂಕದ ಲೆಕ್ಕದಲ್ಲಿ 4.8 ವರ್ಷ ಗಮನಿಸಿದಾಗ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಆದದ್ದು ಒಟ್ಟು 288 ಜನರಿಗೆ. ಎಣ್ಣೆ ಗುಂಪಿನಲ್ಲಿ 96, ಬೀಜಗಳ ಗುಂಪಿನಲ್ಲಿ 83, ಮೂರನೆಯದರಲ್ಲಿ 109. ಶೇ.30 ಕಡಿಮೆ ಎಂಬುದು ಬಂದದ್ದು ಇಲ್ಲಿಂದ. ಮನೆಮಾತಿನಲ್ಲಿ ಹೇಳುವುದಾದರೆ, ಸಾವಿರ ಜನರನ್ನು ಒಂದು ವರ್ಷ ಗಮನಿಸಿದರೆ ಸುಮಾರು ಮೂರು ಮಂದಿಯ ವ್ಯತ್ಯಾಸ.

ಪ್ರಬಂಧದಲ್ಲಿ ಹಂಚಿಕೆಯ ಬಗ್ಗೆ ಬರೆದದ್ದು ಚೊಕ್ಕವಾಗಿಯೇ ಇತ್ತು. ಕಂಪ್ಯೂಟರ್‌ನಿಂದ ತಯಾರಾದ ಪಟ್ಟಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಹಂಚಿಕೆ. ಓದಿದವರಿಗೆ ತಪ್ಪು ಹಿಡಿಯಲು ಏನೂ ಇರಲಿಲ್ಲ. ತಪ್ಪು ಆದದ್ದು ಕಾಗದದಲ್ಲಲ್ಲ, ಊರಲ್ಲಿ.

ಒಂದು ಕೇಂದ್ರದ ಸಂಶೋಧಕರು ಸಣ್ಣ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದರು. ಹಳ್ಳಿ ಎಂದ ಮೇಲೆ ಗೊತ್ತಲ್ಲ, ಒಬ್ಬರ ಮನೆಗೆ ಏನು ಬಂತು ಎನ್ನುವುದು ಸಂಜೆಗೆ ಎಲ್ಲರಿಗೂ ಗೊತ್ತು. "ಪಕ್ಕದ ಮನೆಗೆ ಲೀಟರ್‌ಗಟ್ಟಲೆ ಎಣ್ಣೆ ಪುಕ್ಕಟೆ, ನಮಗೆ ಯಾಕೆ ಇಲ್ಲ?" ಎಂಬ ತಕರಾರು ಬಂತು. ಸಂಶೋಧಕರು ಸುಲಭದ ದಾರಿ ಹಿಡಿದರು: ಒಂದು ಕ್ಲಿನಿಕ್ಕಿಗೆ ಬರುವ ಎಲ್ಲರಿಗೂ ಒಂದೇ ಗುಂಪು. ಇದನ್ನು ಪ್ರಯೋಗದ ಮುಖ್ಯಸ್ಥರಿಗೆ ಹೇಳಲಿಲ್ಲ. ಹೀಗೆ ಸೇರಿದವರು 467 ಜನ.

ಎರಡನೆಯದು ಮನೆಗಳ ವಿಷಯ. ಒಂದು ಮನೆಯ ಗಂಡ ಮೊದಲು ಸೇರಿ, ನಂತರ ಹೆಂಡತಿಯೂ ಸೇರಿದರೆ ಇಬ್ಬರಿಗೂ ಬೇರೆ ಬೇರೆ ಅಡುಗೆ ಮಾಡಲಿಕ್ಕಾಗುತ್ತದೆಯೇ? ಹಾಗಾಗಿ ಎರಡನೆಯವರನ್ನು ಚೀಟಿ ಇಲ್ಲದೆ ಮೊದಲಿನವರ ಗುಂಪಿಗೇ ಹಾಕಿದರು. ಹೀಗೆ ಸೇರಿದವರು 425 ಜನ. ಅಡುಗೆಮನೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ 2013ರ ಪ್ರಬಂಧದಲ್ಲಿ ಇದನ್ನು ಹೇಳಿರಲಿಲ್ಲ. ಇನ್ನೊಂದು ಕೇಂದ್ರದಲ್ಲಿ ಹಂಚಿಕೆಯ ಪಟ್ಟಿಯನ್ನು ಸರಿಯಾಗಿ ಬಳಸಿರಲಿಲ್ಲ ಎಂಬ ಸಂಶಯವೂ ನಂತರ ಬಂತು.

ಇದರಲ್ಲಿ ಅಷ್ಟು ದೊಡ್ಡ ತಪ್ಪೇನು?

"ಎಲ್ಲರಿಗೂ ಏನಾದರೊಂದು ಸಿಕ್ಕಿತಲ್ಲ, ಇದರಲ್ಲೇನು ಮೋಸ?" ಎಂದು ಕೇಳಬಹುದು. ತಪ್ಪು ಎರಡು ಬಗೆಯದು.

ಒಂದು, ಚೀಟಿಗಳ ಲೆಕ್ಕ. 467 ಜನರಿಗೆ 467 ಚೀಟಿ ಎತ್ತಿದ್ದರೆ ಬಡವ-ಶ್ರೀಮಂತ, ಬೀಡಿ ಸೇದುವವ-ಸೇದದವ, ಆಸ್ಪತ್ರೆಗೆ ಹತ್ತಿರ ಇರುವವ-ದೂರ ಇರುವವ ಎಲ್ಲರೂ ಮೂರು ಗುಂಪಿಗೂ ಹೆಚ್ಚುಕಮ್ಮಿ ಸಮವಾಗಿ ಹರಡುತ್ತಿದ್ದರು. ಇಡೀ ಕ್ಲಿನಿಕ್ಕಿಗೆ ಒಂದೇ ಗುಂಪು ಕೊಟ್ಟರೆ ನಿಜವಾಗಿ ಎತ್ತಿದ ಚೀಟಿ ಕ್ಲಿನಿಕ್ಕುಗಳ ಸಂಖ್ಯೆಯಷ್ಟೇ. ಒಂದು ಹಳ್ಳಿಯ ನೀರು, ರಸ್ತೆ, ಡಾಕ್ಟರ್, ಊಟದ ಅಭ್ಯಾಸ ಎಲ್ಲವೂ ಒಟ್ಟಾಗಿ ಒಂದೇ ಗುಂಪಿಗೆ ಬಂದು ಬೀಳುತ್ತದೆ. ನೂರು ಜನರನ್ನು ಎಣಿಸಿದ ಹಾಗೆ ಕಾಣುತ್ತದೆ, ಆದರೆ ಎಣಿಸಿದ್ದು ಒಂದು ಹಳ್ಳಿಯನ್ನು. ಹಳ್ಳಿಗಳ ಮೇಲೆಯೇ ಚೀಟಿ ಎತ್ತುವ ಪ್ರಯೋಗಗಳೂ ಇವೆ, ಅದು ತಪ್ಪಲ್ಲ. ಆದರೆ ಅದನ್ನು ಮೊದಲೇ ಹೇಳಬೇಕು, ಲೆಕ್ಕವನ್ನೂ ಆ ಪ್ರಕಾರವೇ ಮಾಡಬೇಕು.

ಎರಡನೆಯದು ಇನ್ನೂ ಸೂಕ್ಷ್ಮ: ಗುಟ್ಟು ರಟ್ಟಾದದ್ದು. ಗಂಡನಿಗೆ ಎಣ್ಣೆ ಬಂದಿದೆ ಎಂದು ಗೊತ್ತಿರುವ ಹೆಂಡತಿ ಖುಷಿಯಿಂದ ಸೇರಬಹುದು. ಗಂಡನಿಗೆ ಬರೀ ಸಲಹೆ ಸಿಕ್ಕಿದ್ದರೆ "ನನಗೆ ಬೇಡ ಬಿಡಿ" ಎನ್ನಬಹುದು. 'ಈ ಕ್ಲಿನಿಕ್ಕಿನಲ್ಲಿ ಎಣ್ಣೆ ಕೊಡುತ್ತಾರೆ' ಎಂದು ಗೊತ್ತಾದ ಮೇಲೆ ಸೇರುವವರು ಮತ್ತು 'ಇಲ್ಲಿ ಏನೂ ಕೊಡುವುದಿಲ್ಲ' ಎಂದು ಗೊತ್ತಿದ್ದೂ ಸೇರುವವರು ಒಂದೇ ಬಗೆಯ ಜನರಾಗಿರಬೇಕೆಂದಿಲ್ಲ. ಚೀಟಿ ಎತ್ತುವ ಉದ್ದೇಶವೇ ಅಲ್ಲಿಗೆ ಮಣ್ಣುಪಾಲು. ಇಲ್ಲಿ ಇಂಥ ಆಯ್ಕೆ ನಡೆದೇ ಹೋಯಿತು ಎಂದು ಯಾರೂ ಸಾಬೀತು ಮಾಡಿಲ್ಲ. ನಡೆಯಲು ಬಾಗಿಲು ತೆರೆದಿತ್ತು ಎನ್ನುವುದೇ ಸಮಸ್ಯೆ.

ಹಿಡಿದದ್ದು ಹೇಗೆ?

ಇಂಗ್ಲೆಂಡಿನ ಜಾನ್ ಕಾರ್ಲೈಲ್ ಎಂಬವರು ಅರಿವಳಿಕೆ ತಜ್ಞ. ಪ್ರಬಂಧಗಳ ಅಂಕಿ-ಅಂಶ ತಪಾಸಣೆ ಮಾಡುವುದರಲ್ಲಿ ಅವರಿಗೆ ಹೆಸರಿದೆ. 2017ರಲ್ಲಿ ಅವರು ಎಂಟು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ 5,087 ಪ್ರಯೋಗಗಳನ್ನು ಜಾಲಾಡಿದರು. ಅವರು ಫಲಿತಾಂಶವನ್ನು ನೋಡಲೇ ಇಲ್ಲ. ನೋಡಿದ್ದು ಪ್ರತಿಯೊಂದು ಪ್ರಬಂಧದಲ್ಲೂ ಮೊದಲಿಗೆ ಬರುವ ಕೋಷ್ಟಕವನ್ನು. ಪ್ರಯೋಗ ಶುರುವಾಗುವಾಗ ಪ್ರತಿ ಗುಂಪಿನ ಸರಾಸರಿ ವಯಸ್ಸು, ತೂಕ, ಎತ್ತರ ಇತ್ಯಾದಿ ಎಷ್ಟಿತ್ತು ಎಂದು ಅದರಲ್ಲಿ ಕೊಟ್ಟಿರುತ್ತಾರೆ. ಪ್ರಾಮಾಣಿಕವಾಗಿ ಚೀಟಿ ಎತ್ತಿದ್ದರೆ ಗುಂಪುಗಳ ನಡುವೆ ಸ್ವಲ್ಪ ವ್ಯತ್ಯಾಸ ಇರಬೇಕು, ಆದರೆ ತುಂಬಾ ಇರಬಾರದು. ಅದೃಷ್ಟಕ್ಕೂ ಒಂದು ಮಿತಿ ಇದೆ. ಆ ಮಿತಿ ಮೀರಿ ವ್ಯತ್ಯಾಸ ಇದ್ದರೂ, ಅಥವಾ ಅನುಮಾನ ಬರುವಷ್ಟು ಸಮವಾಗಿದ್ದರೂ, ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಅವರ ಜರಡಿಯಲ್ಲಿ ಸಿಕ್ಕಿಬಿದ್ದ ಪ್ರಯೋಗಗಳಲ್ಲಿ ಪ್ರೆಡಿಮೆಡ್ ಕೂಡ ಒಂದು.

ಕಾರ್ಲೈಲ್ ಬಳಸಿದ ವಿಧಾನ ಹೆಚ್ಚು ಜಟಿಲ. ಆದರೆ ಅದೇ ಕೋಷ್ಟಕದ ಒಂದು ಸಾಲನ್ನು ತೆಗೆದುಕೊಂಡರೆ ಡಿಗ್ರಿ ಓದುವ ಹುಡುಗರೂ ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷಿಸಬಹುದು. 2013ರ ಪ್ರಬಂಧದಲ್ಲಿ ಹೆಂಗಸರ ಸಂಖ್ಯೆ ಹೀಗಿತ್ತು: ಬೀಜಗಳ ಗುಂಪಿನ 2,454 ಜನರಲ್ಲಿ 1,326, ಅಂದರೆ ಶೇ.54. ಬರೀ ಸಲಹೆಯ ಗುಂಪಿನ 2,450 ಜನರಲ್ಲಿ 1,463, ಅಂದರೆ ಶೇ.59.7. ನಡುವಿನ ಅಂತರ ಶೇ.5.7.

ಇದು ಅದೃಷ್ಟದಿಂದ ಆಗಬಹುದಾದ್ದೇ? ಎರಡೂ ಗುಂಪು ಸೇರಿಸಿದರೆ ಹೆಂಗಸರ ಪಾಲು ಹತ್ತಿರ ಹತ್ತಿರ ಶೇ.57. ಬರೀ ಚೀಟಿಯಿಂದ ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆಯನ್ನು ಹೀಗೆ ತೆಗೆಯುತ್ತಾರೆ:

```
√( 0.57 × 0.43 × (1/2454 + 1/2450) ) = 0.014
0.057 ÷ 0.014 ≈ 4
```

ಅಳತೆ ಶೇ.1.4. ಕಂಡ ಅಂತರ ಅದರ ನಾಲ್ಕು ಪಟ್ಟು. ಅಂತರ ಎರಡು ಪಟ್ಟು ಮೀರುವುದು ಅದೃಷ್ಟದಿಂದಲೇ ನೂರಕ್ಕೆ ಐದು ಸಲ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕು ಪಟ್ಟು ಮೀರುವುದು ಸುಮಾರು ಹದಿನಾರು ಸಾವಿರಕ್ಕೆ ಒಮ್ಮೆ. ಅದೂ ಅಲ್ಲದೆ ಈ ಪ್ರಯೋಗದಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಹಂಚಿಕೆ ಪಟ್ಟಿ ಇತ್ತು. ಹಾಗಿದ್ದಾಗ ಅಂತರ ಇನ್ನೂ ಕಡಿಮೆ ಇರಬೇಕಿತ್ತು.

ಒಂದು ಎಚ್ಚರಿಕೆ ಬೇಕು. ಕೋಷ್ಟಕದಲ್ಲಿ ಇಪ್ಪತ್ತು ಸಾಲಿದ್ದರೆ ಒಂದು ಸಾಲು ಎರಡು ಪಟ್ಟು ಮೀರುವುದು ಸಹಜ. ಅದನ್ನು ಹಿಡಿದುಕೊಂಡು "ಮೋಸ ಮೋಸ" ಎಂದು ಕೂಗಬಾರದು. ಮತ್ತೆ, ಈ ಲೆಕ್ಕ ಏನೋ ತಪ್ಪಿದೆ ಎಂದು ಹೇಳುತ್ತದೆಯೇ ಹೊರತು ಏನು ತಪ್ಪಿದೆ, ಯಾಕೆ ತಪ್ಪಿದೆ ಎಂದು ಹೇಳುವುದಿಲ್ಲ. ಅಂಗಡಿಯ ದಿನದ ಲೆಕ್ಕ ಕೂಡದಿದ್ದರೆ ಕಳ್ಳತನವೇ ಆಗಿರಬೇಕೆಂದಿಲ್ಲ, ಬರೆಯಲು ಮರೆತಿರಲೂಬಹುದು. ಆದರೆ ಪುಸ್ತಕ ತೆರೆದು ನೋಡಲೇಬೇಕು.

ಸ್ಪೇನ್‌ನವರು ಪುಸ್ತಕ ತೆರೆದರು ಎನ್ನುವುದೇ ಈ ಕಥೆಯ ಒಳ್ಳೆಯ ಭಾಗ. ಮುಖ್ಯ ಲೇಖಕರಾದ ಬಾರ್ಸಿಲೋನಾದ ರಮೋನ್ ಎಸ್ಟ್ರುಚ್ ಮತ್ತು ಸಂಗಡಿಗರು ಹೊರಗಿನ ತಜ್ಞರನ್ನೂ ಸೇರಿಸಿಕೊಂಡು ಕೇಂದ್ರ ಕೇಂದ್ರದ ದಾಖಲೆಗಳನ್ನು ಮತ್ತೆ ನೋಡಿದರು. ಹಳ್ಳಿಯ ಕಥೆ ಹೊರಬಂದದ್ದು ಆಗಲೇ. ತಪ್ಪನ್ನು ಒಪ್ಪಿಕೊಂಡರು, ತಾವೇ ಪ್ರಬಂಧ ಹಿಂಪಡೆದರು. ಹಂಚಿಕೆ ತಪ್ಪಿದೆ ಎಂದು ಗೊತ್ತಾದ ಅಥವಾ ಸಂಶಯವಿರುವ 1,588 ಜನರನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದರು. ಫಲಿತಾಂಶ ಹೆಚ್ಚುಕಮ್ಮಿ ಮೊದಲಿನಷ್ಟೇ ಬಂತು, ಶೇ.30ರ ಆಸುಪಾಸು.

ಹಾಗಾದರೆ ಇಷ್ಟೆಲ್ಲ ರಾದ್ಧಾಂತ ಯಾಕೆ? ಬದಲಾದದ್ದು ಮಾತಿನ ತೂಕ. 2013ರಲ್ಲಿ ಈ ಆಹಾರ ಕಾಯಿಲೆಯನ್ನು 'ಕಡಿಮೆ ಮಾಡಿತು' ಎಂದಿತ್ತು. 2018ರಲ್ಲಿ, ಈ ಆಹಾರಕ್ಕೆ ಹಾಕಲ್ಪಟ್ಟವರಲ್ಲಿ ಕಾಯಿಲೆ 'ಕಡಿಮೆ ಕಂಡುಬಂತು' ಎಂದಾಯಿತು. ಮೊದಲನೆಯದು ಕಾರಣ ಹೇಳುತ್ತದೆ, ಎರಡನೆಯದು ಕಂಡದ್ದನ್ನು ಮಾತ್ರ ಹೇಳುತ್ತದೆ. ಚೀಟಿ ಸರಿಯಾಗಿ ಎತ್ತಿದವರಿಗೆ ಮಾತ್ರ ಮೊದಲ ವಾಕ್ಯ ಬರೆಯುವ ಹಕ್ಕು.

ಇನ್ನೊಂದು ಪರದೆ

ಹಂಚಿಕೆಯ ಗುಟ್ಟು ಚೀಟಿ ಎತ್ತುವ ತನಕ. ಎತ್ತಿದ ಮೇಲೆ ಇನ್ನೊಂದು ಪರದೆ ಬೇಕು, ಅದು ಬ್ಲೈಂಡಿಂಗ್. ಯಾರಿಗೆ ನಿಜವಾದ ಔಷಧ, ಯಾರಿಗೆ ತೋರಿಕೆಯ ಗುಳಿಗೆ ಎಂದು ರೋಗಿಗೂ, ನೋಡಿಕೊಳ್ಳುವ ವೈದ್ಯರಿಗೂ, ಕೊನೆಗೆ ಫಲಿತಾಂಶ ಅಳೆಯುವವರಿಗೂ ತಿಳಿಯದ ಹಾಗೆ ನಡೆಸುವುದು. ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಹಂಚಿಕೆಯ ಗುಟ್ಟನ್ನು ಯಾವ ಪ್ರಯೋಗದಲ್ಲೂ ಕಾಪಾಡಬಹುದು, ಆಪರೇಷನ್ ಆಗಲಿ ಊಟವಾಗಲಿ. ಬ್ಲೈಂಡಿಂಗ್ ಎಲ್ಲ ಕಡೆ ಸಾಧ್ಯವಿಲ್ಲ. ತಾನು ತಿನ್ನುತ್ತಿರುವುದು ಅಕ್ರೋಟ್ ಎಂದು ತಿನ್ನುವವನಿಗೆ ಗೊತ್ತಾಗದೆ ಇರುತ್ತದೆಯೇ?

ಪರದೆ ಹರಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಪ್ರಯೋಗ ಪ್ರಸಿದ್ಧ. ವಿಟಮಿನ್ ಸಿ ಶೀತವನ್ನು ತಡೆಯುತ್ತದೆ ಎಂದು ನೊಬೆಲ್ ವಿಜೇತ ಲೀನಸ್ ಪೌಲಿಂಗ್ 1970ರಲ್ಲಿ ಪುಸ್ತಕ ಬರೆದಿದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ತಮ್ಮದೇ 311 ಸಿಬ್ಬಂದಿಯನ್ನು ಸೇರಿಸಿ ಅದನ್ನು ಪರೀಕ್ಷಿಸಿದರು. ಕೆಲವರಿಗೆ ವಿಟಮಿನ್ ಸಿ ಕ್ಯಾಪ್ಸೂಲ್, ಕೆಲವರಿಗೆ ಹಾಲಿನ ಸಕ್ಕರೆಯ ಕ್ಯಾಪ್ಸೂಲ್. ಒಂದೇ ಸಮಸ್ಯೆ: ವಿಟಮಿನ್ ಸಿ ಹುಳಿ, ಹಾಲಿನ ಸಕ್ಕರೆ ಸಿಹಿ. ಕುತೂಹಲ ತಡೆಯಲಾಗದೆ ಹಲವರು ಕ್ಯಾಪ್ಸೂಲ್ ಬಿಚ್ಚಿ ನಾಲಿಗೆಗಿಟ್ಟು ನೋಡಿದರು. 1975ರಲ್ಲಿ ಫಲಿತಾಂಶ ಬಂದಾಗ ವಿಟಮಿನ್ ಸಿ ತೆಗೆದುಕೊಂಡವರ ಶೀತ ಸ್ವಲ್ಪ ಬೇಗ ಬಿಟ್ಟ ಹಾಗೆ ಕಂಡಿತು. ತಾವು ನುಂಗುತ್ತಿರುವುದು ಏನೆಂದು ಊಹಿಸಲಾಗದವರನ್ನು ಬೇರೆ ಮಾಡಿ ನೋಡಿದಾಗ ಆ ಲಾಭ ಕಾಣಲಿಲ್ಲ. ಶೀತ ಬಿಟ್ಟಿತೋ ಇಲ್ಲವೋ ಎಂದು ಹೇಳುವವನು ರೋಗಿಯೇ. ಅವನ ನಂಬಿಕೆಯೇ ಉತ್ತರವಾಗಿಬಿಟ್ಟಿತ್ತು.

ಪ್ರೆಡಿಮೆಡ್‌ನವರಿಗೆ ತಿನ್ನುವವರ ಕಣ್ಣು ಕಟ್ಟಲಿಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಕಟ್ಟಬಹುದಾದ ಕಡೆ ಕಟ್ಟಿದರು. ಹೃದಯಾಘಾತವೋ ಅಲ್ಲವೋ, ಪಾರ್ಶ್ವವಾಯುವೋ ಅಲ್ಲವೋ ಎಂದು ತೀರ್ಮಾನಿಸಿದ ಸಮಿತಿಗೆ ಅದು ಯಾವ ಗುಂಪಿನವರ ದಾಖಲೆ ಎಂದು ತಿಳಿದಿರಲಿಲ್ಲ. ಇದು ಸರಿಯಾದ ಕ್ರಮವೇ. ಆದರೂ ಉಳಿದ ಸಂದುಗಳಲ್ಲಿ ನೀರು ಸೋರಿತು. ಮೊದಲ ಕೆಲವು ವರ್ಷ ಎಣ್ಣೆ ಮತ್ತು ಬೀಜಗಳ ಗುಂಪಿನವರನ್ನು ಆಗಾಗ ಕರೆದು ಮಾತನಾಡಿಸುತ್ತಿದ್ದರು, ಮೂರನೆಯ ಗುಂಪಿಗೆ ವರ್ಷಕ್ಕೊಂದು ಕರಪತ್ರ. 2006ರ ಅಕ್ಟೋಬರ್‌ನಲ್ಲಿ ಇದನ್ನು ಸರಿಪಡಿಸಿದರು. ನಡುವೆ ಬಿಟ್ಟುಹೋದವರು ಮೂರನೆಯ ಗುಂಪಿನಲ್ಲಿ ಶೇ.11.3, ಉಳಿದೆರಡರಲ್ಲಿ ಶೇ.4.9. ಪುಕ್ಕಟೆ ಎಣ್ಣೆ ಸಿಗುವವರು ಉಳಿದರು, ಸಿಗದವರು ಎದ್ದುಹೋದರು. ಕೊನೆಗೆ ಹೋಲಿಸಿದ್ದು ಎಣ್ಣೆಯನ್ನು ಮಾತ್ರವಲ್ಲ, ಎಣ್ಣೆ ಮತ್ತು ಆರೈಕೆ ಎರಡನ್ನೂ.

ಬಾಟಲಿ ಮೇಲೆ 'ಕ್ಲಿನಿಕಲಿ ಪ್ರೂವನ್' ಎಂದಿದ್ದರೆ

ನಮ್ಮ ದೇಶದಲ್ಲಿ ಇದನ್ನು ಸ್ವತಃ ನೋಡಲು ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಪ್ರಯೋಗಗಳ ನೋಂದಣಿ ಶುರು ಮಾಡಿತು. ctri.nic.in ಎಂಬ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಕಾಸು ಬೇಡ, ಲಾಗಿನ್ ಬೇಡ. ಗುಳಿಗೆ, ಕಷಾಯ, ಪುಡಿ ಏನೇ ಇರಲಿ, "ಪ್ರಯೋಗದಲ್ಲಿ ಸಾಬೀತಾಗಿದೆ" ಎಂದು ಮಾರಲು ಬಂದವರಲ್ಲಿ CTRI ಎಂದು ಶುರುವಾಗುವ ನೋಂದಣಿ ಸಂಖ್ಯೆ ಕೇಳಿದರೆ ಸಾಕು. ಸಂಖ್ಯೆ ಇಲ್ಲ ಎಂದರೆ ಅದೇ ಒಂದು ಉತ್ತರ.

ದಾಖಲೆ ತೆರೆದಾಗ ಪುಟವಿಡೀ ಓದಬೇಕಿಲ್ಲ. ಮೂರು ಸಾಲು ಹುಡುಕಿ: Method of Generating Random Sequence, Method of Concealment, Blinding/Masking. ಮೊದಲನೆಯದು ಚೀಟಿ ಹೇಗೆ ತಯಾರಾಯಿತು ಎನ್ನುತ್ತದೆ. ಎರಡನೆಯದೇ ಹಂಚಿಕೆಯ ಗುಟ್ಟು. ಅಲ್ಲಿ Centralized ಎಂದಿದ್ದರೆ ಹಂಚಿಕೆ ಬೇರೆ ಕಡೆಯಿಂದ, ಫೋನ್ ಅಥವಾ ಕಂಪ್ಯೂಟರ್ ಮೂಲಕ ಬಂತು ಎಂದರ್ಥ, ಒಳ್ಳೆಯದು. Sequentially numbered, sealed, opaque envelopes ಎಂದಿದ್ದರೆ ನಂಬರ್ ಹಾಕಿ ಅಂಟಿಸಿದ, ಬೆಳಕಿಗೆ ಹಿಡಿದರೂ ಕಾಣದ ಲಕೋಟೆ, ಅದೂ ಒಪ್ಪುವಂಥದ್ದೇ. Alternation ಎಂದಿದ್ದರೆ ಒಬ್ಬರು ಬಿಟ್ಟು ಒಬ್ಬರು. ಮುಂದಿನವರು ಯಾವ ಗುಂಪಿಗೆ ಎಂದು ಬಾಗಿಲಲ್ಲಿ ನಿಂತವರಿಗೂ ಗೊತ್ತು, ಅಲ್ಲಿ ಗುಟ್ಟೇ ಇಲ್ಲ.

ಮೂರನೇ ಸಾಲಿನಲ್ಲಿ Open Label ಎಂದಿದ್ದರೆ ಎಲ್ಲರಿಗೂ ಎಲ್ಲ ಗೊತ್ತಿತ್ತು ಎಂದರ್ಥ. ಆಗ ಮುಂದಿನ ಪ್ರಶ್ನೆ, ಅಳೆದದ್ದು ಏನನ್ನು? ಸಾವು-ಬದುಕಿನ ಲೆಕ್ಕವಾದರೆ ನಂಬಿಕೆಯಿಂದ ಅದು ಬದಲಾಗುವುದು ಕಷ್ಟ. ನೋವು, ಸುಸ್ತು, ನಿದ್ದೆ, 'ಆರಾಮ ಅನಿಸಿತು' ಎಂಬಂಥದ್ದಾದರೆ ವಿಟಮಿನ್ ಸಿ ಕಥೆಯನ್ನು ನೆನಪಿಸಿಕೊಳ್ಳಬೇಕು.

ನೋಂದಣಿಯಲ್ಲಿ ಚೆನ್ನಾಗಿ ಬರೆದಿದ್ದರೆ ಕೆಲಸ ಮುಗಿಯಿತೇ? ಇಲ್ಲ. ಪ್ರೆಡಿಮೆಡ್‌ನ ಕಾಗದವೂ ಚೆನ್ನಾಗಿಯೇ ಇತ್ತು. ಬರೆದದ್ದು ಉದ್ದೇಶ, ನಡೆದದ್ದು ಬೇರೆ. ಅದಕ್ಕೇ ಪ್ರಬಂಧ ಸಿಕ್ಕಿದರೆ ಮೊದಲ ಕೋಷ್ಟಕದ ಮೇಲೆ ಒಮ್ಮೆ ಕಣ್ಣಾಡಿಸಬೇಕು, ಪ್ರತಿ ಗುಂಪಿನಿಂದ ಎಷ್ಟು ಜನ ನಡುವೆ ಬಿಟ್ಟುಹೋದರು ಎಂದು ನೋಡಬೇಕು, ಒಂದೇ ಮನೆಯವರು, ಒಂದೇ ಊರಿನವರು ಒಟ್ಟಾಗಿ ಸೇರಿದ್ದಾರೆಯೇ ಎಂದು ಕೇಳಬೇಕು.

ಇಷ್ಟು ಓದಿದ ಮೇಲೆ ಮನೆಯಲ್ಲಿರುವ ಆಲಿವ್ ಎಣ್ಣೆ ಚೆಲ್ಲಬೇಕೇ? ಬೇಡ. ಎಣ್ಣೆ ಕೆಟ್ಟದ್ದು ಎಂದು ಯಾರೂ ಹೇಳಿಲ್ಲ, ಒಳ್ಳೆಯದಿರಬಹುದು ಎನ್ನುವ ಸೂಚನೆ ಈಗಲೂ ಇದೆ. ಆದರೆ "ಬಾಟಲಿ ಇದೆಯಲ್ಲ, ಇನ್ನು ಬಿಪಿ ಗುಳಿಗೆ ಯಾಕೆ" ಎಂದು ಯಾರಾದರೂ ಉಪ್ಪನ ಗುಳಿಗೆ ನಿಲ್ಲಿಸಲು ಹೊರಟರೆ, ಆ ಶೇ.30ರ ಹಿಂದಿನ ಹಳ್ಳಿಯ ಕಥೆಯನ್ನು ಅವರಿಗೂ ಹೇಳಬೇಕು. ಆ ಪ್ರಯೋಗದಲ್ಲಿ ಸೇರಿದ್ದ ಬಿಪಿ, ಶುಗರ್‌ನವರಿಗೆ ಎಣ್ಣೆ ಕೊಟ್ಟದ್ದು ಗುಳಿಗೆಯ ಬದಲಿಗಲ್ಲ.